ಜಾಗಗಳ ಪಟ್ಟಿಯಿಂದ ಕಥೆಯ ಎಳೆಗೆ: ಬೀದರಿನ ನೀರನ್ನು ಹಿಂಬಾಲಿಸುವ ವ್ಲಾಗ್ ಕಟ್ಟುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೀದರ, ಕಲಬುರಗಿ, ಯಾದಗಿರಿ ಕಡೆಯ ಪ್ರವಾಸ ವ್ಲಾಗ್ ಮಾಡುವವರು ಮಾತಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಉತ್ತರಗಳಿಗೆ ಆದಷ್ಟು ಒಂದೇ ಉದಾಹರಣೆ ಬಳಸಿದ್ದೇವೆ: ಸುಮಾರು 12 ನಿಮಿಷದ, ಬೀದರಿನ ನೀರಿನ ಮೇಲಿನ ಒಂದು ವ್ಲಾಗ್.

## ಮೊದಲ ಪ್ರಶ್ನೆಗಳು

"ಕೋಟಿ, ಮದರಸಾ, ಝರಣಿ, ಗುರುದ್ವಾರ ಎಲ್ಲಾ ತೋರಸ್ತೀನ್ರಿ. ಆದ್ರೂ ಜನ ಎರಡು ನಿಮಿಷಕ್ಕ ಬಿಟ್ಟು ಹೋಗ್ತಾರ. ಯಾಕ?"

ಒಂದು ಜಾಗ ತೋರಿಸಿ ಮುಗಿಸಿದಾಗಲೆಲ್ಲ ನೋಡುವವರಿಗೆ ಎದ್ದು ಹೋಗಲು ಒಂದು ಬಾಗಿಲು ತೆರೆದಂತೆ. ಕೋಟೆ ನೋಡಿದ್ದಾಯಿತು, ಇನ್ನು ಮದರಸಾ ಬರುತ್ತದೆ. ಅದನ್ನು ಈಗಲೇ ನೋಡಬೇಕು ಎನ್ನಲು ಅವರಿಗೆ ಕಾರಣವೇ ಇಲ್ಲ. ನಿಮ್ಮ ವಿಡಿಯೊದ ಮೂರನೇ ಮತ್ತು ಐದನೇ ಜಾಗಗಳನ್ನು ಅದಲು ಬದಲು ಮಾಡಿ ನೋಡಿ. ಯಾರಿಗೂ ಏನೂ ವ್ಯತ್ಯಾಸ ತಿಳಿಯದಿದ್ದರೆ ಅಲ್ಲಿ ಕಥೆ ಇಲ್ಲ, ಪಟ್ಟಿ ಮಾತ್ರ ಇದೆ. ಶಾಟ್ ಎಷ್ಟೇ ಚಂದ ಇದ್ದರೂ ಈ ಕೊರತೆ ತುಂಬುವುದಿಲ್ಲ, ಏಕೆಂದರೆ ಕೊರತೆ ಇರುವುದು ಒಂದು ಜಾಗಕ್ಕೂ ಮುಂದಿನದಕ್ಕೂ ನಡುವೆ.

"ಎಳೆ ಅಂದ್ರ ಥೀಮ್ ಅಲ್ಲೇನ್ರಿ? ನಾ 'ಬೀದರಿನ ಇತಿಹಾಸ' ಅಂತ ಥೀಮ್ ಇಟ್ಕೊಂಡೀನಲ್ಲ."

'ಬೀದರಿನ ಇತಿಹಾಸ' ಎಂಬುದು ಚೀಲ. ಅದರಲ್ಲಿ ಏನು ಬೇಕಾದರೂ ಹಿಡಿಸುತ್ತದೆ, ಯಾವ ಕ್ರಮದಲ್ಲಿ ತುಂಬಿದರೂ ನಡೆಯುತ್ತದೆ. ಎಳೆ ಎಂದರೆ ಉತ್ತರ ಬೇಡುವ ಒಂದು ಪ್ರಶ್ನೆ. ಅದಕ್ಕೆ ನಾವು ಮೂರು ಷರತ್ತು ಹಾಕುತ್ತೇವೆ. ಉತ್ತರ ನೋಡುವವರಿಗೆ ಮೊದಲೇ ಗೊತ್ತಿರಬಾರದು. ಉತ್ತರ ಹುಡುಕಲು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲೇಬೇಕಾಗಬೇಕು. ಪ್ರತಿ ಜಾಗದಲ್ಲೂ ಕ್ಯಾಮೆರಾಕ್ಕೆ ಕಾಣುವ ಸಾಕ್ಷಿ ಇರಬೇಕು.

ಹೆಚ್ಚಿನ ಪ್ರಶ್ನೆಗಳು ಬೀಳುವುದು ಎರಡನೆಯ ಷರತ್ತಿನಲ್ಲಿ. ಕಲಬುರಗಿ ಕೋಟೆಯೊಳಗಿನ, 1367ರ ಜಾಮಿ ಮಸೀದಿಗೆ ಬಯಲಂಗಳವೇ ಇಲ್ಲ. ಪೂರ್ತಿ ಗುಮ್ಮಟಗಳ ಮಾಡು. 'ಯಾಕೆ ಹೀಗೆ ಕಟ್ಟಿದರು?' ಎಂಬುದು ಬಹಳ ಒಳ್ಳೆಯ ಪ್ರಶ್ನೆ. ಆದರೆ ಅದನ್ನು ಅದೇ ಕಟ್ಟಡದಲ್ಲಿ ನಿಂತು ಮಾತಾಡಿ ಮುಗಿಸಬಹುದು. ಅದು ಆರು ನಿಮಿಷದ ಒಂದು ಕಟ್ಟಡದ ವಿಡಿಯೊ ಆಗುತ್ತದೆ, ಪ್ರಯಾಣದ ಕಥೆ ಆಗುವುದಿಲ್ಲ.

"ಬಾಯಿಮಾತು ಸಾಕ್ರಿ, ಒಂದು ಎಳೆ ಪೂರ್ತಿ ಬಿಡಿಸಿ ತೋರಸ್ರಿ."

ಪ್ರಶ್ನೆ ಇದು: ಬಂಡೆಯ ನೆತ್ತಿಯ ಮೇಲೆ ರಾಜಧಾನಿ ಕಟ್ಟಿಕೊಂಡವರು ಕುಡಿಯುವ ನೀರು ಎಲ್ಲಿಂದ ತಂದರು? 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿ ಬಿಟ್ಟು ಬೀದರಿಗೆ ಬಂದರು. ಬೀದರ ಇರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಅಂಚಿನಲ್ಲಿ. ಇಷ್ಟು ಹಿನ್ನೆಲೆ ಸಾಕು.

ಮೊದಲ ಹಂತ ಕೋಟೆಯ ಅಂಚು. ಗೋಡೆಯಿಂದ ಕೆಳಗಿನ ಬಯಲು ಕಾಣುವಂತೆ ತೆಗೆಯಿರಿ. ನಂತರ ಬಂಡೆಯನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕ ತೋರಿಸಿ. ಇಷ್ಟು ಎತ್ತರ, ಇಷ್ಟು ಕಲ್ಲು, ಹೊಳೆ ಎಲ್ಲೂ ಕಣ್ಣಿಗೆ ಬೀಳುವುದಿಲ್ಲ. ಪ್ರಶ್ನೆಯನ್ನು ಇಲ್ಲೇ, ಮೊದಲ 45 ಸೆಕೆಂಡಿನೊಳಗೆ ಬಾಯಿಬಿಟ್ಟು ಕೇಳಬೇಕು.

ಎರಡನೆಯದು ಕಲ್ಲು. ಜಂಬಿಟ್ಟಿಗೆಯ ಮೈತುಂಬ ತೂತು. ರಸ್ತೆ ಬದಿ ಬಿದ್ದಿರುವ ಒಂದು ತುಂಡಿನ ಮೇಲೆ ಅರ್ಧ ಲೋಟ ನೀರು ಸುರಿದರೆ ಅದು ಹರಿದುಹೋಗದೆ ಒಳಗಿಳಿಯುವುದು ಕಾಣುತ್ತದೆ. ಸ್ಮಾರಕದ ಕಲ್ಲಿನ ಮೇಲೆ ಮಾತ್ರ ಇದನ್ನು ಮಾಡಬೇಡಿ. ಹತ್ತು ಸೆಕೆಂಡಿನ ಈ ಶಾಟ್ ಇಡೀ ವಿಡಿಯೊದ ಬೀಗದ ಕೈ. ಮಳೆ ಬರುತ್ತದೆ, ಆದರೆ ಮೇಲೆ ನಿಲ್ಲುವುದಿಲ್ಲ. ಹಾಗಾದರೆ ಒಳಗೆ ಇಳಿದದ್ದು ಎಲ್ಲಿಗೆ ಹೋಯಿತು?

ಮೂರನೆಯದು ಬಯಲಿನ ಅಂಚಿನ ಸೆಲೆಗಳು. ಜಂಬಿಟ್ಟಿಗೆಯ ಕೆಳಗೆ ಗಟ್ಟಿ ಕರಿಕಲ್ಲು ಇದೆ. ನೀರು ಅದರೊಳಗೆ ಸುಲಭವಾಗಿ ಇಳಿಯಲಾಗದೆ ಅಡ್ಡ ಹರಿದು, ಗುಡ್ಡದ ಬುಡದಲ್ಲಿ ಹೊರಗೆ ಬರುತ್ತದೆ. ಗುರುನಾನಕ ಝೀರಾ ಮತ್ತು ಪಾಪನಾಶದ ನೀರು ಈ ಬಗೆಯದು. ಸಿಹಿನೀರಿಗೆ ಜನ ಪರದಾಡುತ್ತಿದ್ದಾಗ ಗುರುನಾನಕರು ಕಲ್ಲು ಸರಿಸಿ ಝರಿ ಹರಿಸಿದರೆಂಬ ನಂಬಿಕೆ ನಿಮ್ಮ ಪ್ರಶ್ನೆಗೆ ನೇರವಾಗಿ ಸೇರುತ್ತದೆ. ಗುರುದ್ವಾರ ಇಲ್ಲಿ 'ನೋಡಬೇಕಾದ ಜಾಗ'ವಾಗಿ ಬರುವುದಿಲ್ಲ, ನೀರು ಹೊರಬಿದ್ದ ಜಾಗವಾಗಿ ಬರುತ್ತದೆ.

ನಾಲ್ಕನೆಯದು ನೌಬಾದಿನ ಕಾರೇಜ್, ಊರವರ ಬಾಯಲ್ಲಿ ಸುರಂಗ ಬಾವಿ. ಸೆಲೆಗಳೇನೋ ಇವೆ, ಆದರೆ ಅವು ತಮಗೆ ಬೇಕಾದಲ್ಲಿ ಹುಟ್ಟುತ್ತವೆ, ಜನ ಇರುವಲ್ಲಿ ಅಲ್ಲ. ಅದಕ್ಕೇ ನೆಲದಡಿಯ ನೀರಿನ ಪದರವನ್ನು ತಾಯಿಬಾವಿಯಲ್ಲಿ ಹಿಡಿದು, ಸ್ವಲ್ಪವೇ ಇಳಿಜಾರಿನ ಸುರಂಗ ಕೊರೆದು, ಬೇಕಾದ ಕಡೆಗೆ ತಾನಾಗಿ ಹರಿಯುವಂತೆ ಮಾಡಿದರು. ಈ ವಿದ್ಯೆ ಪರ್ಶಿಯಾದ್ದು. ಸುರಂಗದ ಉದ್ದಕ್ಕೂ ನೆಲದ ಮೇಲೆ ಸಾಲಾಗಿ ಗಾಳಿಬಾವಿಗಳು ಕಾಣುತ್ತವೆ. ವಿಡಿಯೊದ ತುದಿ ಇದು: ಬರಿ ಬಯಲು, ಅದರಲ್ಲೊಂದು ಬಾವಿಬಾಯಿ, ಬಗ್ಗಿ ನೋಡಿದರೆ ಆಳದಲ್ಲಿ ಕತ್ತಲೆಯ ಸುರಂಗ.

ಐದನೆಯದು ನರಸಿಂಹ ಝರಣಿ. ಇಲ್ಲಿ ಭಕ್ತರು ಗುಹೆಯೊಳಗಿನ ಆಳದ ನೀರಿನಲ್ಲಿ ನಡೆದೇ ದೇವರ ಬಳಿಗೆ ಹೋಗುತ್ತಾರೆ. ಇಷ್ಟು ಹೊತ್ತು ಕಲ್ಲಿನೊಳಗಿನ ನೀರಿನ ಬಗ್ಗೆ ಮಾತಾಡಿದ್ದಾಯಿತು, ಈಗ ಅದೇ ನೀರಿನೊಳಗೆ ಮನುಷ್ಯರೇ ನಡೆಯುತ್ತಿದ್ದಾರೆ. ಇದನ್ನು ಮೊದಲೇ ತೋರಿಸಿದರೆ ಅದೊಂದು ವಿಚಿತ್ರ ಗುಹೆಯಷ್ಟೇ. ಕೊನೆಗೆ ತೋರಿಸಿದರೆ ಆ ನೀರು ಎಲ್ಲಿಂದ ಬಂತು ಎಂಬುದು ನೋಡುವವರಿಗೆ ಗೊತ್ತಿರುತ್ತದೆ.

"ಎಳೆ ಗಟ್ಟಿ ಅದನೋ ಇಲ್ಲೋ, ಶೂಟಿಂಗ್‌ಗೆ ಹೋಗೋಕಿನ್ನ ಮೊದಲ ಹ್ಯಾಂಗ ತಿಳೀಬೇಕ್ರಿ?"

ಪ್ರತಿ ಹಂತವನ್ನು ಒಂದೊಂದು ಚೀಟಿಯಲ್ಲಿ ಒಂದೇ ವಾಕ್ಯದಲ್ಲಿ ಬರೆಯಿರಿ. ನೆಲದ ಮೇಲೆ ಸಾಲಾಗಿ ಇಟ್ಟು, ಎರಡು ಚೀಟಿಗಳ ನಡುವೆ ಯಾವ ಮಾತು ಹೊಂದುತ್ತದೆಂದು ಓದಿ ನೋಡಿ. 'ಆದರೆ' ಅಥವಾ 'ಅದಕ್ಕೇ' ಹೊಂದಿದರೆ ಎಳೆ ಗಟ್ಟಿ. 'ಆಮೇಲೆ' ಮಾತ್ರ ಹೊಂದಿದರೆ ಅಲ್ಲಿ ಕಡಿದಿದೆ.

ಮೇಲಿನ ಉದಾಹರಣೆಯನ್ನೇ ಓದಿ: ಊರು ಬಂಡೆಯ ಮೇಲಿದೆ, ಮಳೆ ಬರುತ್ತದೆ. ಆದರೆ ಕಲ್ಲು ನೀರನ್ನು ಹೀರಿಕೊಳ್ಳುತ್ತದೆ. ಅದಕ್ಕೇ ನೀರು ಅಂಚಿನಲ್ಲಿ ಸೆಲೆಯಾಗಿ ಬರುತ್ತದೆ. ಆದರೆ ಸೆಲೆ ಬೇಕಾದಲ್ಲಿ ಇಲ್ಲ. ಅದಕ್ಕೇ ಸುರಂಗ ಕೊರೆದರು. ಈಗ ಎರಡನೇ ಚೀಟಿಯ ನಂತರ 'ಮಹಮೂದ್ ಗವಾನ್ ಮದರಸಾ' ಇಟ್ಟು ಓದಿ. ಎಷ್ಟು ಎಳೆದಾಡಿದರೂ 'ಆಮೇಲೆ' ಬಿಟ್ಟು ಬೇರೆ ಮಾತು ಕೂಡುವುದಿಲ್ಲ.

ಝರಣಿಯ ಚೀಟಿಯೂ ಇಲ್ಲಿ ಸ್ವಲ್ಪ ಸಡಿಲವೇ. ಅದು ಹೊಸ ಉತ್ತರ ಕೊಡುವುದಿಲ್ಲ, ಸಿಕ್ಕ ಉತ್ತರವನ್ನು ಮೈಗೆ ತಾಗಿಸುತ್ತದೆ. ಕೊನೆಯ ಹಂತಕ್ಕೆ ಮಾತ್ರ ಈ ರಿಯಾಯಿತಿ ಕೊಡಬಹುದು. ನಡುವೆ ಇಂಥದ್ದು ಬಂದರೆ ಓಟ ನಿಲ್ಲುತ್ತದೆ.

"ಗವಾನ್ ಮದರಸಾ, ಅಷ್ಟೂರ ಗುಂಬಜ್, ಬಿದ್ರಿ ಬಿಟ್ರ ನಮ್ ಊರವರೇ ಬೈತಾರಲ್ರಿ?"

ಬೈಯುತ್ತಾರೆ, ಮತ್ತು ಅವರ ಬೇಸರ ನ್ಯಾಯವೇ. 1472ರ ಮದರಸಾವನ್ನು ಆರು ಸೆಕೆಂಡಿನಲ್ಲಿ ತೋರಿಸಿ ಓಡುವುದು ಅದಕ್ಕೆ ಮಾಡುವ ಇನ್ನೂ ದೊಡ್ಡ ಅವಮಾನ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಅದರದೇ ಪ್ರಶ್ನೆ ಹುಡುಕಿ ಬೇರೆ ವಿಡಿಯೊ ಮಾಡಿ. ದಾರಿಯಲ್ಲಿ ಸಿಕ್ಕರೆ ಹಾದುಹೋಗುವ ಶಾಟ್‌ನಲ್ಲಿ ಇರಲಿ, ಹೆಸರು ಹೇಳಿ ನಿಲ್ಲಿಸಬೇಡಿ. ನಿಲ್ಲಿಸಿದ ಕ್ಷಣ ನೋಡುವವರು 'ಇದಕ್ಕೂ ನೀರಿಗೂ ಏನು ಸಂಬಂಧ?' ಎಂದು ಕಾಯಲು ಶುರುಮಾಡುತ್ತಾರೆ.

## ಶೂಟಿಂಗ್

"ಕಥಿ ಕ್ರಮದಾಗೇ ಶೂಟ್ ಮಾಡಬೇಕೇನ್ರಿ? ಒಂದೇ ದಿನದಾಗ ಆಗಲ್ಲ."

ಬೇಡ. ಬೆಳಕಿನ ಕ್ರಮದಲ್ಲಿ ತೆಗೆದು, ಎಡಿಟಿಂಗ್‌ನಲ್ಲಿ ಕಥೆಯ ಕ್ರಮಕ್ಕೆ ತನ್ನಿ. ಕೋಟೆಯ ಗೋಡೆ, ಕಂದಕಗಳ ಆಳ ಎದ್ದು ಕಾಣಬೇಕಾದರೆ ಸೂರ್ಯ ಕೆಳಗಿರಬೇಕು, ಅಂದರೆ ಬೆಳಿಗ್ಗೆ ಅಥವಾ ಸಂಜೆ. ಗಾಳಿಬಾವಿಗೆ ಇದರ ಉಲ್ಟಾ, ನಡುಮಧ್ಯಾಹ್ನ ಬೇಕು. ಬೀದರ ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಹಾಗಾಗಿ ಮೇ ನಡುಭಾಗದಲ್ಲಿ ಮತ್ತು ಜುಲೈ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬಂದು ಬೆಳಕು ಬಾವಿಯೊಳಗೆ ನೇರ ಇಳಿಯುತ್ತದೆ. ಜುಲೈನಲ್ಲಿ ಮೋಡ ಇರುವುದರಿಂದ ಮೇ ಹೆಚ್ಚು ನಂಬಿಕಸ್ತ. ಡಿಸೆಂಬರಿನಲ್ಲಿ ಮಧ್ಯಾಹ್ನವೂ ಬಿಸಿಲು ಓರೆಯಾಗಿ ಬಿದ್ದು ಬಾವಿಯ ಮೇಲಿನ ಗೋಡೆಯಲ್ಲೇ ನಿಲ್ಲುತ್ತದೆ.

ಕ್ರಮ ಬದಲಾದಾಗ ಸಿಕ್ಕಿಬೀಳುವುದು ಬಟ್ಟೆ ಮತ್ತು ಬಾಯಿಮಾತು. ಎರಡೂ ದಿನ ಒಂದೇ ಬಟ್ಟೆ, ಒಂದೇ ಚೀಲ ಇರಲಿ. ಕ್ಯಾಮೆರಾ ಮುಂದೆ 'ಶುಭೋದಯ', 'ಈಗಷ್ಟೇ ಕೋಟೆ ನೋಡಿಕೊಂಡು ಬಂದ್ವಿ', 'ಇದು ನಮ್ಮ ಕೊನೆಯ ಜಾಗ' ಎನ್ನಬೇಡಿ. ಒಮ್ಮೆ ಅಂದರೆ ಆ ತುಣುಕು ಅಲ್ಲಿಗೇ ಅಂಟಿಕೊಳ್ಳುತ್ತದೆ, ಸರಿಸಲು ಬರುವುದಿಲ್ಲ. ಹಾಗೆಂದು 'ಇದೆಲ್ಲ ಒಂದೇ ದಿನದಲ್ಲಿ ನೋಡಿದೆವು' ಎಂದು ಸುಳ್ಳೂ ಹೇಳಬೇಡಿ. ನಿಮ್ಮ ವಿಡಿಯೊ ನೋಡಿ ಹೊರಡುವ ಕುಟುಂಬಗಳಿರುತ್ತವೆ.

"ಒಂದೊಂದು ಜಾಗದಾಗ ಏನೇನು ಶಾಟ್ ತಗೋಬೇಕ್ರಿ? ಗಂಟೆಗಟ್ಟಲೆ ತೆಗೀತೀನಿ, ಎಡಿಟಿಂಗ್‌ಗೆ ಕುಂತ್ರ ಬೇಕಾದ್ದೇ ಇರಲ್ಲ."

ಚಂದ ಕಂಡದ್ದನ್ನೆಲ್ಲ ತೆಗೆದರೆ ಹೀಗಾಗುತ್ತದೆ, ಏಕೆಂದರೆ ಎಳೆಗೆ ಬೇಕಾದ ಶಾಟ್ ಹಲವು ಸಲ ಚಂದ ಇರುವುದಿಲ್ಲ. ಪ್ರತಿ ಹಂತಕ್ಕೆ ಮೊದಲು ಮೂರನ್ನು ಮುಗಿಸಿ: ಒಳಬರುವ ಶಾಟ್, ಸಾಕ್ಷಿಯ ಶಾಟ್, ಮುಂದಕ್ಕೆ ದೂಡುವ ಶಾಟ್.

ಪಾಪನಾಶವನ್ನೇ ನೋಡಿ. ಒಳಬರುವಾಗ ಗುಡ್ಡದಿಂದ ಇಳಿಯುವ ದಾರಿ ಕಾಣಬೇಕು, ನಾವು ಕೆಳಗೆ ಬಂದೆವು ಎಂಬುದು ಕಥೆಗೆ ಮುಖ್ಯ. ಸಾಕ್ಷಿ ಎಂದರೆ ಕೊಳದ ನೀರು ಮತ್ತು ಹಿಂದಿನ ಕೆಂಪು ಗುಡ್ಡ ಒಂದೇ ಫ್ರೇಮಿನಲ್ಲಿ. ಬೇರೆ ಬೇರೆ ತೆಗೆದರೆ ಸಂಬಂಧ ಕಾಣುವುದಿಲ್ಲ. ದೂಡುವ ಶಾಟ್‌ಗೆ ನೀರಿನಿಂದ ನಿಧಾನವಾಗಿ ಕ್ಯಾಮೆರಾ ಎತ್ತಿ ಮೇಲಿನ ಊರಿನ ಕಡೆ ನಿಲ್ಲಿಸಿ, ಐದು ಸೆಕೆಂಡ್ ಅಲ್ಲಾಡಿಸಬೇಡಿ. 'ನೀರು ಇಲ್ಲಿ, ಊರು ಅಲ್ಲಿ' ಎಂಬ ಮಾತಿಗೆ ಜಾಗ ಸಿಗುತ್ತದೆ.

ಜೊತೆಗೆ ಮಾತಿಲ್ಲದೆ ಒಂದು ನಿಮಿಷ ಆ ಜಾಗದ ಸದ್ದು ರೆಕಾರ್ಡ್ ಮಾಡಿ. ಇದು ನೀರಿನ ಕಥೆ. ಕೋಟೆಯ ಅಂಚಿನಲ್ಲಿ ಒಣಗಾಳಿ ಕೇಳಿಸಿ ಸೆಲೆಯಲ್ಲಿ ನೀರಿನ ಸದ್ದು ಬಂದರೆ ಅರ್ಧ ಹೇಳಿದಂತೆಯೇ. ಉದ್ದಕ್ಕೂ ಹಾಡು ಹಾಕಿದರೆ ಇದು ಕೈತಪ್ಪುತ್ತದೆ.

"ಗಾಳಿಬಾವಿ ಸಾಲು ಡ್ರೋನ್ ಇಲ್ಲದ ಹ್ಯಾಂಗ ತೋರಸೂದು?"

ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ವಲಯದಲ್ಲಿದೆ ಎಂದು ನೋಡದೆ ಡ್ರೋನ್ ಹೊರಗೆ ತೆಗೆಯಲೇಬೇಡಿ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು, ಚಿಕ್ಕ ಡ್ರೋನ್ ಎಂದು ವಿನಾಯಿತಿ ಇಲ್ಲ. ಡ್ರೋನ್ ಶಾಟ್ ಬಂದರೆ ಮಾತ್ರ ನಿಲ್ಲುವ ಎಳೆಯನ್ನು ಇಲ್ಲಿ ಕಟ್ಟಬೇಡಿ.

ನೆಲದಿಂದಲೇ ತೋರಿಸುವ ದಾರಿ ಸುಲಭ. ಒಂದು ಬಾವಿಯಿಂದ ಮುಂದಿನದಕ್ಕೆ ನಡೆಯುವುದನ್ನು ಕತ್ತರಿಸದೆ ತೆಗೆದು, ಎಡಿಟಿಂಗ್‌ನಲ್ಲಿ ವೇಗ ಹೆಚ್ಚಿಸಿ. ಪ್ರತಿ ಬಾವಿ ಬಂದಾಗ ಮಾತ್ರ ಮಾಮೂಲಿ ವೇಗ. ಎರಡು ಮೂರು ಬಾವಿ ದಾಟುವಷ್ಟರಲ್ಲಿ ಕಾಲಡಿ ಒಂದು ಗೆರೆ ಹೋಗುತ್ತಿದೆ ಎಂದು ನೋಡುವವರಿಗೆ ಹೊಳೆಯುತ್ತದೆ. ನಂತರ ಬಿಳಿ ಹಾಳೆಯಲ್ಲಿ ಕೈಯಿಂದ ಅಡ್ಡಕೊಯ್ತದ ಚಿತ್ರ ಬರೆದು ತೋರಿಸಿ: ಮೇಲೆ ಕೆಂಪು ಕಲ್ಲು, ಕೆಳಗೆ ಕರಿಕಲ್ಲು, ನಡುವೆ ಓರೆ ಸುರಂಗ.

ಬಾವಿಬಾಯಿಗೆ ಬಗ್ಗುವಾಗ ಫೋನಿಗೆ ಕೈದಾರ ಕಟ್ಟಿ, ಇನ್ನೊಬ್ಬರು ನಿಮ್ಮ ಹಿಂದೆ ನಿಂತಿರಲಿ. ಅನುಮತಿ, ಜೊತೆಗಾರರು ಇಲ್ಲದೆ ಸುರಂಗಕ್ಕೆ ಇಳಿಯಬೇಡಿ. ಗಾಳಿ ಆಡದ ಕಡೆ ಉಸಿರಿಗೆ ಕಷ್ಟ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೂ ಮೊದಲೇ ಅನುಮತಿ ಬೇಕು.

"ಅಷ್ಟು ದೂರ ಹೋದ್ರ ಝರಣಿ ಗುಹೆ ಬಂದ್ ಇತ್ತು. ಕಥಿನೇ ಮುಗೀತಲ್ರಿ?"

ಗುಹೆಯೊಳಗೆ ಬಿಡದ ದಿನಗಳು ಇರುತ್ತವೆ. ಅದಕ್ಕೆ ಹೊರಡುವ ಮೊದಲೇ ಪ್ರತಿ ಚೀಟಿಯ ಹಿಂದೆ ಬದಲಿ ಸಾಕ್ಷಿ ಬರೆದಿಡಿ. ಕೇಳಬೇಕಾದ್ದು 'ಬದಲಿಗೆ ಯಾವ ಜಾಗ?' ಅಂತಲ್ಲ, 'ಈ ಹಂತ ಮಾಡುತ್ತಿದ್ದ ಕೆಲಸವನ್ನು ಇನ್ನೇನು ಮಾಡುತ್ತದೆ?' ಅಂತ. ಝರಣಿಯ ಕೆಲಸ ನೀರನ್ನು ಮನುಷ್ಯರ ಮೈಗೆ ತರುವುದು. ಗುರುನಾನಕ ಝೀರಾದಲ್ಲಿ ತೀರ್ಥವೆಂದು ಬೊಗಸೆಯಲ್ಲಿ ನೀರು ಹಿಡಿಯುವ ಕೈಗಳೂ ಅದೇ ಕೆಲಸ ಮಾಡುತ್ತವೆ. ಅಲ್ಲಿ ತಲೆ ಮುಚ್ಚಿಕೊಂಡು, ಚಪ್ಪಲಿ ಬಿಟ್ಟು, ಸೇವಾದಾರರನ್ನು ಕೇಳಿಯೇ ತೆಗೆಯಿರಿ. ಹೋಗುವಾಗಲೇ ಈ ಶಾಟ್ ಹೆಚ್ಚುವರಿಯಾಗಿ ಇಟ್ಟುಕೊಂಡಿದ್ದರೆ ಬಂದ್ ಆದ ಬಾಗಿಲು ನಿಮ್ಮನ್ನು ತಡೆಯುವುದಿಲ್ಲ.

## ಎಡಿಟಿಂಗ್ ಮತ್ತು ಮುಂದಿನದು

"ಹಿನ್ನೆಲೆ ಮಾತು ಮೊದಲ ಬರೀಬೇಕೋ, ಶಾಟ್ ಜೋಡಿಸಿದ ಮ್ಯಾಲೋ?"

ಹಂತಗಳ ವಾಕ್ಯ ಮೊದಲು, ಶಾಟ್ ಜೋಡಣೆ ನಂತರ, ಪೂರ್ತಿ ಮಾತು ಕೊನೆಗೆ. ಮಾತು ಪೂರ್ತಿ ಬರೆದು ಶೂಟಿಂಗ್‌ಗೆ ಹೋದರೆ ಬರೆದದ್ದನ್ನು ಮುಚ್ಚಲು ಶಾಟ್ ಹುಡುಕುತ್ತೀರಿ, ಎದುರಿಗೆ ಸಿಕ್ಕಿದ್ದು ತಪ್ಪಿಹೋಗುತ್ತದೆ. ಜೋಡಿಸಿದ ವಿಡಿಯೊವನ್ನು ಒಮ್ಮೆ ಸದ್ದಿಲ್ಲದೆ ನೋಡಿ. ಚಿತ್ರವೇ ಹೇಳುತ್ತಿರುವುದನ್ನು ಮಾತಿನಲ್ಲಿ ಮತ್ತೆ ಹೇಳಬೇಡಿ. ಕಲ್ಲು ನೀರು ಹೀರುವಾಗ 'ನೋಡಿ, ಕಲ್ಲು ನೀರು ಹೀರುತ್ತಿದೆ' ಎನ್ನುವ ಬದಲು 'ಹೋದದ್ದು ಎಲ್ಲಿಗೆ?' ಎಂದರೆ ಸಾಕು.

"ಒಬ್ಬರು ದೇವರ ಮಹಿಮೆ ಅಂತಾರ, ಇನ್ನೊಬ್ಬರು ಕಲ್ಲಿನ ಗುಣ ಅಂತಾರ. ವಿಡಿಯೊದಾಗ ಯಾವುದು ಹೇಳೂದು?"

ಎರಡೂ ಹೇಳಿ, ಆದರೆ ಯಾವುದು ಯಾರ ಮಾತು ಎಂಬುದು ಸ್ಪಷ್ಟವಿರಲಿ. ನಂಬಿಕೆಯನ್ನು ಅಲ್ಲಿಯ ಸೇವಾದಾರರೋ ಪೂಜಾರರೋ ಒಪ್ಪಿದರೆ ಅವರ ಬಾಯಲ್ಲೇ ಕೇಳಿಸಿ. ಕಲ್ಲಿನ ವಿಷಯ ನಿಮ್ಮ ಹಿನ್ನೆಲೆ ಮಾತಿನಲ್ಲಿ ಬರಲಿ. ಒಂದರ ಹಿಂದೆಯೇ ಇನ್ನೊಂದನ್ನು ಅಂಟಿಸಿದರೆ ಮೊದಲಿನವರನ್ನು ಸುಳ್ಳು ಮಾಡಿದಂತೆ ಕಾಣುತ್ತದೆ. ನಡುವೆ ನೀರಿನ ಸದ್ದಿನ ಹತ್ತು ಸೆಕೆಂಡ್ ಬಿಡಿ. ಇಸವಿ, ಉದ್ದ, ಆಳದ ವಿಷಯದಲ್ಲಿ ಮಾತ್ರ ಬಾಯಿಮಾತು ನಂಬಬೇಡಿ, ಜಾಗದ ಫಲಕ ಅಥವಾ ಗೆಜೆಟಿಯರ್ ನೋಡಿ.

"ಎಳೆ ಎಲ್ಲಿ ಕಡೀತು ಅಂತ ಅಪ್ಲೋಡ್ ಆದ ಮ್ಯಾಲೆ ಗೊತ್ತಾಗ್ತದೇನ್ರಿ?"

ಯೂಟ್ಯೂಬ್ ಸ್ಟುಡಿಯೊದ ವೀಕ್ಷಕರ ಉಳಿಕೆಯ ಗೆರೆಯಲ್ಲಿ ಕಾಣುತ್ತದೆ. ಗೆರೆ ನಿಧಾನವಾಗಿ ಇಳಿಯುವುದು ಸಹಜ. ಥಟ್ಟನೆ ಕುಸಿದ ಜಾಗಕ್ಕೆ ಹೋಗಿ, ಅದರ ಹಿಂದಿನ 15 ಸೆಕೆಂಡ್ ನೋಡಿ. ಅಲ್ಲಿ ಬಹುಪಾಲು ಎರಡರಲ್ಲಿ ಒಂದು ಸಿಗುತ್ತದೆ. ಒಂದು, ಹೊಸ ಪ್ರಶ್ನೆ ಏಳುವ ಮೊದಲೇ ಹಳೆಯದಕ್ಕೆ ಉತ್ತರ ಕೊಟ್ಟು ಮುಗಿಸಿದ್ದೀರಿ. ಇನ್ನೊಂದು, ಜಾಗ ಬದಲಾಗುವಾಗ ಕಾರು, ಊಟ, ಪೆಟ್ರೋಲ್ ಬಂಕ್ ಬಂದಿದೆ. ಗೆರೆ ಮೇಲೇರಿದ ಜಾಗವನ್ನೂ ನೋಡಿ: ಜನ ಹಿಂದೆ ಹೋಗಿ ಮತ್ತೆ ನೋಡಿದ್ದಾರೆ, ಅಂದರೆ ಬಹಳ ಹಿಡಿಸಿದೆ ಅಥವಾ ಅರ್ಥ ಆಗಿಲ್ಲ. ಸುರಂಗದ ಅಡ್ಡಕೊಯ್ತದ ಬಳಿ ಏರಿದ್ದರೆ ಆ ಚಿತ್ರವನ್ನು ಮುಂದಿನ ಸಲ ಇನ್ನೂ ನಾಲ್ಕು ಸೆಕೆಂಡ್ ಹೆಚ್ಚು ನಿಲ್ಲಿಸಿ.

ಅಧ್ಯಾಯಗಳಿಗೆ ಜಾಗದ ಹೆಸರು ಇಟ್ಟರೆ ಜನ ತಮಗೆ ಬೇಕಾದ ಜಾಗಕ್ಕೆ ಹಾರುತ್ತಾರೆ, ಎಳೆ ಮತ್ತೆ ಪಟ್ಟಿಯಾಗುತ್ತದೆ. ಪ್ರಶ್ನೆಯನ್ನೇ ಹೆಸರಾಗಿಸಿ. ಮೊದಲನೆಯದು 0:00ರಿಂದ ಶುರುವಾಗಬೇಕು, ಕನಿಷ್ಠ ಮೂರು ಅಧ್ಯಾಯ ಇರಬೇಕು, ಒಂದೊಂದೂ 10 ಸೆಕೆಂಡಿಗೆ ಕಡಿಮೆ ಇರಬಾರದು.

```
0:00 ಬಂಡೆ ಮೇಲಿನ ಊರಿಗೆ ನೀರೆಲ್ಲಿಂದ?
2:10 ಮಳೆ ನೀರು ಎಲ್ಲಿ ಮಾಯವಾಯ್ತು?
4:00 ಕಲ್ಲಿನಿಂದ ಹೊರಬಂದ ನೀರು
6:40 ಬಯಲಿನಲ್ಲಿ ಸಾಲು ಬಾವಿ ಯಾಕೆ?
10:00 ನೀರಿನೊಳಗೆ ನಡೆಯುವ ದಾರಿ
```

"ಪ್ರಶ್ನೆ ಬದಲು ಒಂದು ವಸ್ತು ಹಿಡ್ಕೊಂಡು ಹೋಗಬಹುದೇನ್ರಿ, ಬಿದ್ರಿ ಥರ?"

ಹೋಗಬಹುದು, ಅನುಕೂಲವೂ ಇದೆ: ವಸ್ತು ತಯಾರಾಗುವ ಕ್ರಮವೇ ನಿಮ್ಮ ಕ್ರಮ. ಬಿದ್ರಿಯಲ್ಲಂತೂ ಕುತೂಹಲ ತಾನಾಗಿ ಹುಟ್ಟುತ್ತದೆ. ಸತು ಮತ್ತು ಸ್ವಲ್ಪ ತಾಮ್ರದ ಮಿಶ್ರಣ ಎರಕ ಹೊಯ್ದು, ನಯ ಮಾಡಿ, ಗೆರೆ ಕಾಣಲೆಂದು ಮೈಲುತುತ್ತ ಹಚ್ಚಿ ಕಪ್ಪು ಮಾಡಿ, ಕೆತ್ತಿ, ಬೆಳ್ಳಿ ಕೂಡಿಸುತ್ತಾರೆ. ಉಜ್ಜಿ ನಯ ಮಾಡಿದ ಮೇಲೆ ಆ ತಾತ್ಕಾಲಿಕ ಕಪ್ಪು ಹೋಗಿ ಬೆಳ್ಳಿ ಯಾವುದು, ಸತು ಯಾವುದು ಎಂದು ಕಣ್ಣಿಗೆ ತಿಳಿಯುವುದೇ ಕಷ್ಟ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿದ ದ್ರಾವಣ ತಾಗಿದಾಗ ಸತುವಿನ ಮಿಶ್ರಣ ಮಾತ್ರ ಕಪ್ಪಾಗಿ ಬೆಳ್ಳಿ ಹೊಳೆದೇಳುತ್ತದೆ.

ಆ ಕ್ಷಣವನ್ನು ಥಂಬ್‌ನೇಲ್‌ನಲ್ಲೂ ಮೊದಲ ನಿಮಿಷದಲ್ಲೂ ತೋರಿಸಿಬಿಟ್ಟರೆ ಉಳಿದದ್ದು ಕಾರ್ಖಾನೆಯ ವಿವರಣೆ ಆಗುತ್ತದೆ. ಬೂದು ಬಣ್ಣದ, ಏನೂ ಕಾಣದ ಹೂಜಿಯಿಂದ ಶುರುಮಾಡಿ, ಇದರೊಳಗೆ ಹೂಬಳ್ಳಿ ಇದೆ ಎಂದು ಹೇಳಿ. ಇನ್ನು ಪ್ರಯಾಣ ಬೇಕಲ್ಲವೇ? ಅದನ್ನು ಮಣ್ಣು ಕೊಡುತ್ತದೆ. ಎರಕದ ಮನೆಯಿಂದ ಕೆತ್ತುವವರ ಅಂಗಡಿಗೆ, ಅಲ್ಲಿಂದ ಈ ಮಣ್ಣೇ ಯಾಕೆ ಎಂದು ಕೇಳುತ್ತ ಕೋಟೆಗೆ, ಮತ್ತೆ ಅಂಗಡಿಗೆ. ಕೋಟೆಯಲ್ಲಿ ಮಣ್ಣನ್ನು ಕ್ಯಾಮೆರಾದಲ್ಲಿ ಮಾತ್ರ ತೆಗೆದುಕೊಳ್ಳಿ, ಚೀಲದಲ್ಲಿ ಅಲ್ಲ. ದ್ರಾವಣ ಹಚ್ಚುವ ದಿನ ಯಾವುದೆಂದು ಕುಶಲಕರ್ಮಿಗಳನ್ನು ಮೊದಲೇ ಕೇಳಿಕೊಂಡು ಹೋಗಿ. ಎಲ್ಲ ಕೆಲಸ ಒಂದೇ ದಿನ ನಡೆಯುವುದಿಲ್ಲ, ಆ ಒಂದು ಶಾಟ್ ಇಲ್ಲದೆ ಈ ವಿಡಿಯೊ ನಿಲ್ಲುವುದೂ ಇಲ್ಲ.